ತಡವಾಗಿ ಬರುವ ನೌಕರರಿಗೆ ಎಚ್ಚರಿಕೆ ಪತ್ರ: ತಾರೀಖು ಬರೆಯಿರಿ, ಸ್ವಭಾವ ಬರೆಯಬೇಡಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ, 22 ಜನ ಕೆಲಸಗಾರರಿದ್ದಾರೆ. ಅವರಲ್ಲಿ ಒಬ್ಬ ಸಿಎನ್‌ಸಿ ಆಪರೇಟರ್ ಕೆಲಸದಲ್ಲಿ ಚುರುಕು, ಆದರೆ ದಿನಾ ತಡ. ಶಿಫ್ಟ್ ಬೆಳಿಗ್ಗೆ 8ಕ್ಕೆ, ಹತ್ತು ನಿಮಿಷದ ರಿಯಾಯಿತಿ ಇದೆ. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಮೂರು ಲೇಟಿಗೆ ಅರ್ಧ ದಿನದ ಪಗಾರ ಕಡಿದರೂ ಉಪಯೋಗವಾಗಿಲ್ಲ. ಎಚ್ಚರಿಕೆ ಪತ್ರದ ಕರಡು ಬರೆದಿದ್ದೇನೆ, ಜುಲೈ ತಿಂಗಳ ಪಂಚಿಂಗ್ ಹಾಳೆಯನ್ನೂ ಜೊತೆಗಿಟ್ಟಿದ್ದೇನೆ. ಇದನ್ನು ಹೀಗೆಯೇ ಕೊಡಬಹುದೇ?

ಉತ್ತರ: ಹೀಗೆಯೇ ಕೊಡಬೇಡಿ. ಪತ್ರ ಕೊಡುವುದು ತಪ್ಪಲ್ಲ, ಕೊಡಲು ನಿಮಗೆ ಸಾಕಷ್ಟು ಆಧಾರವೂ ಇದೆ. ಆದರೆ ಆ ಆಧಾರ ನಿಮ್ಮ ಹಾಳೆಯಲ್ಲಿದೆ, ಕರಡಿನಲ್ಲಿಲ್ಲ. ಕರಡಿನಲ್ಲಿ ಹನ್ನೆರಡು ಸಾಲುಗಳಿವೆ, ಒಂದು ತಾರೀಖೂ ಇಲ್ಲ. ಬೇಜವಾಬ್ದಾರಿ, ಉಡಾಫೆ, ಶಿಸ್ತಿನ ಅರಿವಿಲ್ಲದವರು ಎಂಬ ಮಾತುಗಳಿವೆ. ರವಿವಾರ ರಾತ್ರಿಯ ಕುಡಿತದಿಂದ ಸೋಮವಾರ ಏಳುವುದಿಲ್ಲ ಎಂಬ ಊಹೆಯೂ ಇದೆ. ಇದನ್ನು ಕೈಗಿತ್ತ ಮರುಕ್ಷಣ ಮಾತು ತಡವಾಗಿ ಬಂದದ್ದರ ಮೇಲಿಂದ ಜಾರಿ ಕುಡಿತದ ಮೇಲೆ ನಿಲ್ಲುತ್ತದೆ. ತಡವಾದದ್ದನ್ನು ನೀವು ದಾಖಲೆಯಿಂದ ತೋರಿಸಬಲ್ಲಿರಿ, ಕುಡಿತವನ್ನು ತೋರಿಸಲಾರಿರಿ. ಆ ಒಂದು ಸಾಲನ್ನು ಅವರು ಸುಳ್ಳೆಂದು ಸಾಧಿಸಿದರೆ ಉಳಿದ ನಿಜವೂ ಅದರೊಂದಿಗೆ ಬಿದ್ದುಹೋಗುತ್ತದೆ. ನಾನು ನೋಡಿದ ಎಚ್ಚರಿಕೆ ಪತ್ರಗಳಲ್ಲಿ ಹೆಚ್ಚಿನವು ಸೋತದ್ದು ಇಲ್ಲಿಯೇ.

ಮೊದಲು ಹಾಳೆಯನ್ನು ನೋಡೋಣ. ಜುಲೈನಲ್ಲಿ ರವಿವಾರ ಬಿಟ್ಟು 27 ಕೆಲಸದ ದಿನಗಳು, ಅವುಗಳಲ್ಲಿ ಹತ್ತಕ್ಕೆ ನೀವು ಕೆಂಪು ಶಾಯಿಯ ಸುತ್ತು ಹಾಕಿದ್ದೀರಿ. ಅಂದರೆ ‘ದಿನಾ ತಡ’ ಎಂಬುದು ನಿಮ್ಮ ಬೇಸರದ ಮಾತು, ಲೆಕ್ಕದ ಮಾತಲ್ಲ. 17 ದಿನ ಅವರು ಸಮಯಕ್ಕೆ ಬಂದಿದ್ದಾರೆ. ಹತ್ತರಲ್ಲಿಯೂ ಎರಡು ನಿಲ್ಲುವುದಿಲ್ಲ. ಜುಲೈ 8ರಂದು ಅವರು ಒತ್ತಿದ ಸಮಯ 8.09. ಹತ್ತು ನಿಮಿಷದ ರಿಯಾಯಿತಿಯನ್ನು ನೀವೇ ಕೊಟ್ಟ ಮೇಲೆ ಅದು ತಡವಲ್ಲ. ಜುಲೈ 17ರಂದು 9.25 ಎಂದಿದೆ, ತಿಂಗಳಲ್ಲಿಯೇ ಅತಿ ದೊಡ್ಡ ತಡ. ಆದರೆ ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಟೂಲ್ ತರಲು’ ಎಂದು ಬರೆದದ್ದು ಕಾಣುತ್ತದೆ. ಅಂದು ದಾರಿಯಲ್ಲಿ ಅಂಗಡಿಯಿಂದ ಟೂಲ್ ತರಲು ಅವರನ್ನು ನಿಮ್ಮವರೇ ಕಳಿಸಿದ್ದಾರೆ. ಆ ದಿನ ಪಟ್ಟಿಯಲ್ಲಿ ಉಳಿದರೆ ನಿಮ್ಮ ಇಡೀ ಪತ್ರ ನಗೆಪಾಟಲಾಗುತ್ತದೆ.

ಇವನ್ನು ತೆಗೆದರೆ ಎಂಟು ಉಳಿಯುತ್ತವೆ. ಆ ಎಂಟನ್ನೂ ಬರೆಯುವ ಮೊದಲು ಇನ್ನೆರಡು ಕಡೆ ಕಣ್ಣಾಡಿಸಿ. ಒಂದು, ಯಂತ್ರದ ಗಡಿಯಾರ. ಮೊಬೈಲ್ ಸಮಯದೊಂದಿಗೆ ಹೋಲಿಸಿ ನೋಡಿ, ಕರೆಂಟು ಹೋಗಿ ಬಂದ ಮೇಲೆ ಕೆಲವು ಯಂತ್ರಗಳ ಸಮಯ ಹಿಂದೆಮುಂದೆ ಆಗುವುದುಂಟು. ಐದಾರು ನಿಮಿಷ ಮುಂದಿದ್ದರೆ ನಿಮ್ಮ ಎಂಟು ದಿನಗಳೂ ಅಳಿಸಿಹೋಗುವುದಿಲ್ಲ, ಏಕೆಂದರೆ ಇಲ್ಲಿ ಅತಿ ಕಡಿಮೆ ತಡವೇ 22 ನಿಮಿಷ. ಆದರೂ ಅವರು ಕೇಳಿದಾಗ ನಿಮ್ಮ ಬಳಿ ಉತ್ತರವಿರಬೇಕು. ಎರಡು, ಉಳಿದ 21 ಜನರ ಹಾಳೆ. ನೀವು ಕಳಿಸಿದ್ದು ಇವರೊಬ್ಬರದು ಮಾತ್ರ. ಜುಲೈ ಬೆಳಗಾವಿಯಲ್ಲಿ ಮಳೆಯ ತಿಂಗಳು. ಖಾನಾಪುರ ರಸ್ತೆಯಲ್ಲಿ ನೀರು ನಿಂತೋ ಮರ ಬಿದ್ದೋ ಐದಾರು ಜನ ಒಟ್ಟಿಗೆ ತಡವಾದ ದಿನ ಇವರ ಎಂಟರಲ್ಲಿ ಸೇರಿದ್ದರೆ ಅದನ್ನೂ ತೆಗೆಯಿರಿ. ಇನ್ನೊಬ್ಬರು ತಿಂಗಳಿಗೆ ಒಂಬತ್ತು ಸಲ ತಡವಾಗಿದ್ದು, ಅವರು ನಿಮ್ಮ ಸಂಬಂಧಿಕರೋ ಹಳಬರೋ ಎಂಬ ಕಾರಣಕ್ಕೆ ಅವರಿಗೆ ಪತ್ರ ಹೋಗದಿದ್ದರೆ, ಇವರಿಗೂ ಕೊಡಬೇಡಿ. ಕೊಡುವುದಾದರೆ ಇಬ್ಬರಿಗೂ ಕೊಡಿ. ಕಾರಖಾನೆಯಲ್ಲಿ ಯಾರು ಎಷ್ಟು ಗಂಟೆಗೆ ಬರುತ್ತಾರೆ ಎಂಬುದು ಮಾಲೀಕರಿಗಿಂತ ಮೊದಲು ಕೆಲಸಗಾರರಿಗೆ ಗೊತ್ತಿರುತ್ತದೆ.

ಈಗ ಆ ಎಂಟು ದಿನಗಳನ್ನು ಸಾಲಾಗಿ ಬರೆದು ನೋಡಿ: 3, 7, 11, 14, 21, 22, 25, 28. ಇವುಗಳಲ್ಲಿ 7, 14, 21, 28 ನಾಲ್ಕೂ ಸೋಮವಾರ. ತಿಂಗಳಿನ ಒಂದು ಸೋಮವಾರವೂ ತಪ್ಪಿಲ್ಲ. ಆ ನಾಲ್ಕು ದಿನದ ತಡ 35ರಿಂದ 43 ನಿಮಿಷದೊಳಗೆ ಇದೆ, ಉಳಿದ ನಾಲ್ಕು ದಿನದ್ದು 22ರಿಂದ 31. ಇಷ್ಟು ಕಟ್ಟುನಿಟ್ಟಾಗಿ ಒಂದೇ ಹೊತ್ತಿಗೆ ತಡವಾಗುವುದು ಸೋಮಾರಿತನದ ಲಕ್ಷಣವಲ್ಲ. ಬಸ್ಸಿನದೋ ಮನೆಯ ಯಾವುದೋ ನಿಗದಿತ ಕೆಲಸದ್ದೋ ಇರಬೇಕು. ರವಿವಾರ ಸವದತ್ತಿ, ರಾಮದುರ್ಗ ಕಡೆಯ ಊರಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಮರಳುವವರಿಗೆ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ. ಇದೂ ಊಹೆಯೇ, ಆದ್ದರಿಂದ ಪತ್ರದಲ್ಲಿ ಬರೆಯುವಂತಿಲ್ಲ. ಆದರೆ ಕೇಳಬಹುದು, ಕೇಳಲೇಬೇಕು.

ಹಾಗಾಗಿ ಪತ್ರಕ್ಕೆ ಮೊದಲು ಒಂದು ಮಾತುಕತೆ ಆಗಲಿ. ಯಂತ್ರದ ಮುಂದೆ ನಾಲ್ಕು ಜನರ ನಡುವೆ ಬೇಡ, ಕಚೇರಿಯೊಳಗೆ ಕೂರಿಸಿ ಹಾಳೆಯನ್ನು ಅವರ ಮುಂದಿಡಿ. ‘ಏಕೆ ಹೀಗೆ ಮಾಡುತ್ತೀರಿ’ ಎಂದು ಕೇಳಿದರೆ ಅವರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ‘ಸೋಮವಾರದ ನಾಲ್ಕು ದಿನ ಏನಾಯಿತು, ಉಳಿದ ನಾಲ್ಕು ದಿನ ಏನಾಯಿತು’ ಎಂದು ಬೇರೆ ಬೇರೆಯಾಗಿ ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲಿಯೇ ಗುರುತು ಹಾಕಿಕೊಳ್ಳಿ. ಅವರದೋ ಮನೆಯವರದೋ ಕಾಯಿಲೆಯ ವಿಷಯ ಹೊರಬಂದರೆ ಪತ್ರವನ್ನು ಅಲ್ಲಿಗೇ ನಿಲ್ಲಿಸಿ, ರಜೆ ಮತ್ತು ಸಮಯದ ಹೊಂದಾಣಿಕೆಯ ಮಾತು ತೆಗೆಯಿರಿ. ಬೇರೆ ಕಾರಣವಿದ್ದರೆ ಪತ್ರ ಮುಂದುವರಿಯಬಹುದು, ಆದರೆ ಅವರ ವಿವರಣೆ ಅದರೊಳಗೆ ಇರಬೇಕು.

ಪಗಾರದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ನಿಯಮ ತಪ್ಪಾಗಿದೆ. ಕೆಲಸ ಮಾಡದ ಹೊತ್ತಿಗೆ ಸಂಬಳ ಕಡಿಯಬಹುದು, ಆದರೆ ಗೈರಾದ ಹೊತ್ತಿನ ಪ್ರಮಾಣಕ್ಕಿಂತ ಹೆಚ್ಚು ಕಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ತತ್ವ 2019ರ ವೇತನ ಸಂಹಿತೆಯಲ್ಲಿಯೂ ಹಾಗೆಯೇ ಇದೆ. ನಿಮ್ಮದೇ ಲೆಕ್ಕ ತೆಗೆದುಕೊಳ್ಳಿ. ಎಂಟು ದಿನದ ತಡವನ್ನು 8 ಗಂಟೆಯಿಂದಲೇ ಎಣಿಸಿ ಕೂಡಿಸಿದರೆ 261 ನಿಮಿಷ, ಅಂದರೆ 4 ಗಂಟೆ 21 ನಿಮಿಷ. ಎಂಟು ಗಂಟೆಯ ದಿನಕ್ಕೆ 800 ರೂಪಾಯಿ ಎಂದಿಟ್ಟುಕೊಂಡರೆ ಇದರ ಬೆಲೆ 435 ರೂಪಾಯಿ. ಮೂರು ಲೇಟಿಗೆ ಅರ್ಧ ದಿನ ಎಂದು ಹತ್ತು ಕೆಂಪು ಸುತ್ತಿಗೆ ನೀವು ಕಡಿದಿರುವುದು ಮೂರು ಅರ್ಧ ದಿನ, 1,200 ರೂಪಾಯಿ. ಹೆಚ್ಚಾಗಿ ಕಡಿದ 765 ರೂಪಾಯಿಯನ್ನು ಪತ್ರ ಕೊಡುವ ಮೊದಲೇ ಮರಳಿಸಿ. ನ್ಯಾಯದ ಲೆಕ್ಕವನ್ನು ಸರಿಪಡಿಸಿಕೊಂಡ ಮಾಲೀಕರ ಎಚ್ಚರಿಕೆಗೆ ಬೆಲೆ ಬರುತ್ತದೆ. ಮುಂದೆಯೂ ನಿಮಿಷದ ಲೆಕ್ಕದಲ್ಲಿಯೇ ಕಡಿಯಿರಿ.

ಇನ್ನು ಕರಡಿನ ಮಾತುಗಳು. ನೀವು ಬರೆದ ಪ್ರತಿಯೊಂದು ವಾಕ್ಯಕ್ಕೂ ಒಂದೇ ಪರೀಕ್ಷೆ ಹಿಡಿಯಿರಿ: ಇದನ್ನು ಓದಿದಾಗ ಆ ಆಪರೇಟರ್ ‘ಹೌದು, ಇದು ನಡೆದದ್ದು’ ಎನ್ನಬಹುದೇ? ‘ನೀವು ಬೇಜವಾಬ್ದಾರಿಯಿಂದ ವರ್ತಿಸುತ್ತಿದ್ದೀರಿ’ ಎಂಬುದಕ್ಕೆ ಯಾರೂ ಹೌದೆನ್ನುವುದಿಲ್ಲ. ‘ಜುಲೈ 14ರಂದು 8.40ಕ್ಕೆ ಹಾಜರಾಗಿದ್ದೀರಿ’ ಎಂಬುದಕ್ಕೆ ಇಲ್ಲವೆನ್ನಲಾಗುವುದಿಲ್ಲ. ‘ಪದೇ ಪದೇ ತಿಳಿಸಿದರೂ’ ಎಂದು ಬರೆದಿದ್ದೀರಿ. ಯಾವಾಗ, ಯಾರು ತಿಳಿಸಿದರು? ಹಾಳೆಯ ಹಿಂಬದಿಯಲ್ಲಿ ಎರಡೇ ಟಿಪ್ಪಣಿಗಳಿವೆ, 14ರ ವಾಟ್ಸ್‌ಆ್ಯಪ್ ಸಂದೇಶ ಮತ್ತು 22ರಂದು ಸೂಪರ್‌ವೈಸರ್ ಮಾತನಾಡಿದ್ದು. ಆ ಎರಡನ್ನೇ ಬರೆಯಿರಿ, ಉಳಿದದ್ದನ್ನು ಬಿಡಿ. ‘ಕಂಪನಿಗೆ ಅಪಾರ ನಷ್ಟ’ ಎಂದಿದ್ದೀರಿ. ಅದರ ಬದಲು ಅವರು ನಡೆಸುವ ಯಂತ್ರ ಆ ದಿನಗಳಲ್ಲಿ ಎಷ್ಟು ಹೊತ್ತಿಗೆ ಚಾಲೂ ಆಯಿತು ಎಂದು ಯಂತ್ರದ ದಿನವಹಿ ನೋಡಿ ಬರೆಯಿರಿ. ಬೇರೊಬ್ಬರು 8ಕ್ಕೇ ಚಾಲೂ ಮಾಡಿದ ದಿನಗಳಿದ್ದರೆ ಅಂದು ಯಂತ್ರ ನಿಂತಿತು ಎನ್ನುವಂತಿಲ್ಲ. ದಿನವಹಿ ಇಲ್ಲದಿದ್ದರೆ ಈ ಪ್ಯಾರಾವನ್ನೇ ಕೈಬಿಡಿ, ತಡವಾಗಿ ಬಂದದ್ದೇ ಎಚ್ಚರಿಕೆಗೆ ಸಾಕಾದ ಕಾರಣ. ‘ಮುಂದೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು’ ಎಂಬ ಕೊನೆಯ ಸಾಲು ಎಲ್ಲಕ್ಕಿಂತ ಅಪಾಯಕಾರಿ. ವಿಚಾರಿಸುವ ಮೊದಲೇ ಶಿಕ್ಷೆಯನ್ನು ನಿರ್ಧರಿಸಿಬಿಟ್ಟಿದ್ದೀರಿ ಎಂದು ನಾಳೆ ನಿಮ್ಮ ವಿರುದ್ಧವೇ ಓದಿ ಹೇಳಲು ಆ ಒಂದು ಸಾಲು ಸಾಕು.

ಮಾತುಕತೆಯಲ್ಲಿ ಅವರು ಸೋಮವಾರಕ್ಕೆ ಊರಿನ ಬಸ್ಸನ್ನೂ ಉಳಿದ ದಿನಕ್ಕೆ ಮಗುವನ್ನು ಶಾಲೆಗೆ ಬಿಡುವುದನ್ನೂ ಕಾರಣ ಹೇಳಿದರು, ಯಂತ್ರದ ದಿನವಹಿಯೂ ನಿಮ್ಮಲ್ಲಿದೆ ಎಂದಿಟ್ಟುಕೊಂಡು ಪತ್ರವನ್ನು ಹೀಗೆ ಬರೆಯಬಹುದು. ಅವರು ನಿಜವಾಗಿ ಹೇಳಿದ್ದು ಬೇರೆಯಾದರೆ ಆ ಭಾಗವನ್ನು ಬದಲಿಸಿ.

ದಿನಾಂಕ: ಆಗಸ್ಟ್ 2
ಇವರಿಗೆ: ಶ್ರೀ (ಪೂರ್ಣ ಹೆಸರು), ಸಿಎನ್‌ಸಿ ಆಪರೇಟರ್, ನೌಕರ ಸಂಖ್ಯೆ ____
ವಿಷಯ: ಜುಲೈ ತಿಂಗಳಲ್ಲಿ ಕೆಲಸಕ್ಕೆ ತಡವಾಗಿ ಹಾಜರಾದ ಬಗ್ಗೆ ಲಿಖಿತ ಎಚ್ಚರಿಕೆ

ನಿಮ್ಮ ಶಿಫ್ಟ್ ಬೆಳಿಗ್ಗೆ 8.00ಕ್ಕೆ ಆರಂಭವಾಗುತ್ತದೆ. 8.10ರ ವರೆಗೆ ಹಾಜರಾದವರನ್ನು ತಡವೆಂದು ಪರಿಗಣಿಸುವುದಿಲ್ಲ. ಈ ನಿಯಮವನ್ನು ಸೂಚನಾ ಫಲಕದಲ್ಲಿ ಹಾಕಲಾಗಿದೆ.

ಹಾಜರಾತಿ ಯಂತ್ರದ ದಾಖಲೆಯಂತೆ ಜುಲೈ ತಿಂಗಳ 27 ಕೆಲಸದ ದಿನಗಳಲ್ಲಿ ಈ ಕೆಳಗಿನ 8 ದಿನ ನೀವು 8.10ರ ನಂತರ ಹಾಜರಾಗಿದ್ದೀರಿ: ಜುಲೈ 3 (8.22), 7 (8.35), 11 (8.31), 14 (8.40), 21 (8.38), 22 (8.24), 25 (8.28), 28 (8.43). ಈ ದಿನಗಳಲ್ಲಿ ತಡವಾಗುವ ಬಗ್ಗೆ ನೀವು ಮುಂಚಿತವಾಗಿ ತಿಳಿಸಿದ ದಾಖಲೆ ಇಲ್ಲ. ದಾಖಲೆಯ ಪ್ರತಿಯನ್ನು ಲಗತ್ತಿಸಿದೆ. ಯಂತ್ರದ ದಿನವಹಿಯ ಪ್ರಕಾರ ಈ ದಿನಗಳಲ್ಲಿ ನೀವು ನಡೆಸುವ ಯಂತ್ರ ನೀವು ಬಂದ ನಂತರವೇ ಚಾಲೂ ಆಗಿದೆ.

ಈ ವಿಷಯವನ್ನು ಜುಲೈ 14ರಂದು ವಾಟ್ಸ್‌ಆ್ಯಪ್ ಸಂದೇಶದ ಮೂಲಕ ಮತ್ತು ಜುಲೈ 22ರಂದು ಸೂಪರ್‌ವೈಸರ್ ಅವರ ಮೂಲಕ ನಿಮ್ಮ ಗಮನಕ್ಕೆ ತರಲಾಗಿತ್ತು.

ಆಗಸ್ಟ್ 1ರಂದು ಕಚೇರಿಯಲ್ಲಿ ನಡೆದ ಮಾತುಕತೆಯಲ್ಲಿ, ಸೋಮವಾರಗಳಂದು ಊರಿನಿಂದ ಬರುವ ಬಸ್ಸಿನ ಸಮಯದಿಂದಲೂ ಉಳಿದ ದಿನಗಳಲ್ಲಿ ಮಗುವನ್ನು ಶಾಲೆಗೆ ಬಿಡಬೇಕಾದದ್ದರಿಂದಲೂ ತಡವಾಯಿತೆಂದು ತಿಳಿಸಿದ್ದೀರಿ. ಇದನ್ನು ಪರಿಗಣಿಸಿ, ಆಗಸ್ಟ್ 4ರಿಂದ ಸೆಪ್ಟೆಂಬರ್ 30ರ ವರೆಗೆ ಸೋಮವಾರಗಳಂದು ನಿಮ್ಮ ಕೆಲಸದ ಸಮಯವನ್ನು ಬೆಳಿಗ್ಗೆ 8.45ಕ್ಕೆ ಆರಂಭಿಸಿ, ಸಂಜೆ 45 ನಿಮಿಷ ಮುಂದುವರಿಸಲಾಗಿದೆ. ಉಳಿದ ದಿನಗಳಲ್ಲಿ ಬೆಳಿಗ್ಗೆ 8.00ರ ಸಮಯವೇ ಇರುತ್ತದೆ.

ಇನ್ನು ಮುಂದೆ ನಿಗದಿತ ಸಮಯಕ್ಕೆ ಹಾಜರಾಗಬೇಕೆಂದು ಈ ಮೂಲಕ ಎಚ್ಚರಿಸಲಾಗಿದೆ. ಅನಿವಾರ್ಯ ಕಾರಣದಿಂದ ತಡವಾಗುವುದಾದರೆ ಶಿಫ್ಟ್ ಆರಂಭಕ್ಕೆ ಮೊದಲು ಸೂಪರ್‌ವೈಸರ್ ಅವರಿಗೆ ದೂರವಾಣಿ ಮೂಲಕ ತಿಳಿಸಬೇಕು. ಸೆಪ್ಟೆಂಬರ್ 30ರಂದು ಹಾಜರಾತಿಯನ್ನು ಮತ್ತೆ ಪರಿಶೀಲಿಸಲಾಗುವುದು. ಅಷ್ಟರೊಳಗೆ ಮಾಹಿತಿ ನೀಡದೆ ಎರಡಕ್ಕಿಂತ ಹೆಚ್ಚು ಸಲ ತಡವಾದರೆ, ನಿಮ್ಮ ವಿವರಣೆ ಕೇಳಿ ಮುಂದಿನ ಕ್ರಮವನ್ನು ನಿರ್ಧರಿಸಲಾಗುವುದು.

ಈ ಪತ್ರದಲ್ಲಿನ ಯಾವುದೇ ವಿವರ ಸರಿಯಿಲ್ಲವೆನಿಸಿದರೆ ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸಬಹುದು. ನಿಮ್ಮ ಉತ್ತರವನ್ನು ಈ ಪತ್ರದೊಂದಿಗೆ ಕಡತದಲ್ಲಿ ಇಡಲಾಗುವುದು.

(ಸಹಿ, ಹುದ್ದೆ)
ಪತ್ರದ ಪ್ರತಿ ನನಗೆ ಮುಟ್ಟಿದೆ. ಈ ಸಹಿ ಪತ್ರ ಮುಟ್ಟಿದ್ದಕ್ಕೆ ಮಾತ್ರ, ಅದರಲ್ಲಿನ ವಿಷಯಕ್ಕೆ ಒಪ್ಪಿಗೆಯಲ್ಲ. (ನೌಕರರ ಸಹಿ, ದಿನಾಂಕ)

ಸೋಮವಾರದ ಹೊಂದಾಣಿಕೆ ಕೊಡಲೇಬೇಕೆಂದೇನೂ ಇಲ್ಲ. ನಿಮ್ಮ ಕೆಲಸದ ಸರಣಿ ಅದಕ್ಕೆ ಒಗ್ಗದಿದ್ದರೆ ‘ಪರಿಗಣಿಸಲಾಯಿತು, ಆದರೆ ಮೊದಲ ತಾಸಿನಲ್ಲಿಯೇ ಯಂತ್ರದ ಸೆಟ್ಟಿಂಗ್ ಆಗಬೇಕಾದ್ದರಿಂದ ಸಮಯ ಬದಲಿಸಲು ಸಾಧ್ಯವಿಲ್ಲ’ ಎಂದು ಕಾರಣ ಸಹಿತ ಬರೆಯಿರಿ. ಆದರೆ ಸಾಧ್ಯವಿದ್ದೂ ಕೊಡದಿರುವುದು ಜಾಣತನವಲ್ಲ. ಚುರುಕಾದ ಸಿಎನ್‌ಸಿ ಆಪರೇಟರ್ ಇಂದು ನಿಮ್ಮನ್ನು ಬಿಟ್ಟರೆ ನಾಳೆ ಎದುರಿನ ಗೇಟಿನಲ್ಲಿ ಕೆಲಸಕ್ಕೆ ಸೇರುತ್ತಾರೆ. ಕೊಟ್ಟ ಹೊಂದಾಣಿಕೆಯನ್ನು ಬಾಯಿಮಾತಿನಲ್ಲಿ ಬಿಡದೆ ತಾರೀಖಿನೊಂದಿಗೆ ಬರೆದಿಡಿ. ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಕುಳಿತು ಹಾಳೆ ನೋಡುವಾಗ 8.43 ತಡವೋ ಅಲ್ಲವೋ ಎಂದು ಮತ್ತೆ ಜಗಳವಾಗುತ್ತದೆ.

ಪತ್ರದ ಭಾಷೆಯ ಬಗ್ಗೆ ಬೆಳಗಾವಿಯಲ್ಲಿ ವಿಶೇಷವಾಗಿ ಹೇಳಬೇಕು. ಉದ್ಯಮಬಾಗದಲ್ಲಿ ಮನೆಯಲ್ಲಿ ಮರಾಠಿ ಮಾತನಾಡುವ, ಕನ್ನಡ ಮಾತನಾಡಿದರೂ ಓದಲು ತಡವರಿಸುವ ಕೆಲಸಗಾರರು ಇದ್ದೇ ಇರುತ್ತಾರೆ. ನಿಮ್ಮ ಆಪರೇಟರ್ ಅಂಥವರಾಗಿದ್ದರೆ ಅವರು ಓದಬಲ್ಲ ಭಾಷೆಯ ಪ್ರತಿಯನ್ನೂ ಕೊಡಿ. ಅದು ಆಗದಿದ್ದರೆ ಪತ್ರವನ್ನು ಓದಿ ಮರಾಠಿಯಲ್ಲಿ ವಿವರಿಸಿ, ‘ಪತ್ರವನ್ನು ಓದಿ, ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ’ ಎಂದು ಕೆಳಗೆ ಬರೆದು, ವಿವರಿಸಿದವರ ಸಹಿ ಪಡೆಯಿರಿ. ಇಂಗ್ಲಿಷಿನ ಸಿದ್ಧ ನಮೂನೆಯನ್ನು ಎಲ್ಲಿಂದಲೋ ಇಳಿಸಿಕೊಂಡು ಕೊಡುವವರೂ ಇದ್ದಾರೆ. ತಿಳಿಯದ ಪತ್ರ ಯಾರನ್ನೂ ಎಚ್ಚರಿಸುವುದಿಲ್ಲ.

ಕೊಡುವುದು ಕೈಯಲ್ಲಿ, ಮುಚ್ಚಿದ ಲಕೋಟೆಯಲ್ಲಿ. ಸೂಚನಾ ಫಲಕಕ್ಕೆ ಅಂಟಿಸುವುದು, ಶಿಫ್ಟಿನ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕುವುದು ಬೇಡವೇ ಬೇಡ. ತಪ್ಪನ್ನು ತಿಳಿಸುವ ಪತ್ರ ಹಾಗೆ ಮಾಡಿದರೆ ಅವಮಾನದ ಪತ್ರವಾಗುತ್ತದೆ. ಸಹಿ ಮಾಡಲು ಅವರು ಹಿಂಜರಿದರೆ ಒತ್ತಾಯಿಸಬೇಡಿ, ಕೆಳಗಿನ ಸಾಲನ್ನು ಮತ್ತೊಮ್ಮೆ ಓದಿ ಹೇಳಿ. ಆಗಲೂ ಒಲ್ಲೆನೆಂದರೆ ಅಲ್ಲಿದ್ದ ಇಬ್ಬರ ಸಹಿಯೊಂದಿಗೆ ‘ಪತ್ರ ನೀಡಲಾಯಿತು, ಸಹಿ ನಿರಾಕರಿಸಿದರು’ ಎಂದಷ್ಟೇ ಬರೆದು, ಒಂದು ಪ್ರತಿಯನ್ನು ಅವರ ವಿಳಾಸಕ್ಕೆ ಮುಟ್ಟಿದ ದಾಖಲೆ ಸಿಗುವಂಥ ಅಂಚೆಯಲ್ಲಿ ಕಳಿಸಿ.

ಕಾನೂನಿನ ಬಗ್ಗೆ ಹೇಳುವುದಾದರೆ, 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯಡಿ ಕೇಂದ್ರ ಸರ್ಕಾರ ಕೆಲಸದ ನಿಯಮಗಳಿಗೆ ಮಾದರಿಯಾಗಿ ರೂಪಿಸಿದ್ದ ಆದೇಶಗಳಲ್ಲಿ ರೂಢಿಯಾಗಿ ತಡವಾಗಿ ಬರುವುದನ್ನು ದುರ್ನಡತೆಗಳ ಪಟ್ಟಿಯಲ್ಲಿ ಸೇರಿಸಲಾಗಿತ್ತು. 22 ಜನರ ಘಟಕಕ್ಕೆ ಸ್ಥಾಯಿ ಆದೇಶಗಳು ಕಡ್ಡಾಯವಲ್ಲ. ಆದರೆ ವಿವಾದ ಕಾರ್ಮಿಕ ಇಲಾಖೆಯ ಮುಂದೆ ಹೋದರೆ ಕೇಳುವ ಪ್ರಶ್ನೆಗಳು ಅವೇ: ನಿಯಮ ತಿಳಿಸಿದ್ದಿರಾ, ದಾಖಲೆ ಇದೆಯೇ, ಅವರ ಮಾತು ಕೇಳಿದಿರಾ, ಎಲ್ಲರಿಗೂ ಒಂದೇ ಅಳತೆಯೇ? ಆದ್ದರಿಂದ 8.10ರ ನಿಯಮ ನಿಮ್ಮ ಸೂಚನಾ ಫಲಕದಲ್ಲಿ ಇಲ್ಲದಿದ್ದರೆ ಇಂದೇ ಬರೆದು ಹಾಕಿ, ಪತ್ರದ ಮೊದಲ ಪ್ಯಾರಾದಲ್ಲಿ ಆ ವಾಕ್ಯವನ್ನು ‘ನಿಮಗೆ ತಿಳಿದಿರುವಂತೆ’ ಎಂದು ಬದಲಿಸಿ. ಇಲ್ಲದ ಫಲಕವನ್ನು ಇದೆಯೆಂದು ಬರೆಯಬೇಡಿ.

ಸೆಪ್ಟೆಂಬರ್ 30ರಂದು ಹಾಳೆಯನ್ನು ಮತ್ತೆ ಅವರ ಮುಂದಿಟ್ಟು ನೋಡಿ. ಸುಧಾರಿಸಿದ್ದರೆ ಅದನ್ನೂ ಎರಡು ಸಾಲಿನಲ್ಲಿ ಬರೆದು ಕೊಡಿ, ಆರು ತಿಂಗಳ ನಂತರ ಈ ಎಚ್ಚರಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೂ ಸೇರಿಸಿ. ಆರು ತಿಂಗಳೆಂದು ಯಾವ ಕಾಯ್ದೆಯೂ ಹೇಳಿಲ್ಲ, ಅದು ನನ್ನ ಸಲಹೆ. ಸುಧಾರಿಸದೆ ದೊಡ್ಡ ಕ್ರಮಕ್ಕೆ ಹೋಗಬೇಕಾದರೆ, ಈ ಹಳೆಯ ಎಚ್ಚರಿಕೆಯನ್ನು ಆಧಾರವಾಗಿ ಹಿಡಿಯುವ ಉದ್ದೇಶವಿದೆಯೆಂದು ಹೊಸ ನೋಟಿಸಿನಲ್ಲಿಯೇ ತಾರೀಖು ಸಹಿತ ಹೇಳಿ. ಮೈಸೂರು ರಾಜ್ಯ ಮತ್ತು ಕೆ. ಮಂಚೇಗೌಡ ಪ್ರಕರಣದಲ್ಲಿ 1963ರಲ್ಲಿಯೇ ಸುಪ್ರೀಂ ಕೋರ್ಟ್ ಈ ಮಾತನ್ನು ಸ್ಪಷ್ಟಪಡಿಸಿದೆ. ಅದು ಸರ್ಕಾರಿ ನೌಕರರೊಬ್ಬರ ಪ್ರಕರಣ, ಆದರೆ ಅದರ ತಿರುಳು ಎಲ್ಲ ಕಡೆ ಅನುಸರಿಸಲು ಯೋಗ್ಯವಾದದ್ದು: ಹಿಂದಿನ ದಾಖಲೆಯನ್ನು ನೋಡಿ ಶಿಕ್ಷೆ ಕೊಡುವುದಾದರೆ, ಅದರ ಬಗ್ಗೆ ಉತ್ತರಿಸುವ ಅವಕಾಶ ನೌಕರರಿಗೆ ಮೊದಲೇ ಸಿಗಬೇಕು. ಆ ಹೊತ್ತಿಗೆ ನಿಮ್ಮ ಕಡತದಲ್ಲಿ ಈ ಪತ್ರ, ಅದಕ್ಕೆ ಅವರು ಕೊಟ್ಟ ಉತ್ತರ, ಜುಲೈನಿಂದ ಸೆಪ್ಟೆಂಬರ್‌ವರೆಗಿನ 22 ಜನರ ಹಾಜರಾತಿ ಹಾಳೆಗಳು ಮತ್ತು ಮರಳಿಸಿದ 765 ರೂಪಾಯಿಯ ರಸೀದಿ ಒಟ್ಟಿಗೆ ಇರಲಿ.